ಹದಿನೇಳರ ಲೆಕ್ಕವೂ ಒಂದು ಕ್ಷಣವೂ

ಹಾಯ್ಕು ಎಂಬ ಜಪಾನೀ ಪದ್ಯಜಾತಿಯು ಕನ್ನಡಕ್ಕೆ ಬಂದು ನೆಲೆಸಿದ ಬಳಿಕ, ಅದನ್ನು ಬರೆಯುವವರಲ್ಲಿ ಎರಡು ಪಂಗಡಗಳು ಕಾಣಬರುತ್ತಿವೆ. ಐದು, ಏಳು, ಐದು ಎಂದು ಬೆರಳು ಮಡಚಿ ಹದಿನೇಳು ಅಕ್ಷರಗಳನ್ನು ತುಂಬಿಸಿದರೆ ಪದ್ಯವಾಯಿತೆನ್ನುವವರದು ಒಂದು. ಲೆಕ್ಕವೆಲ್ಲ ಬಾಹ್ಯೋಪಚಾರ, ಕಂಡ ಒಂದು ಕ್ಷಣವನ್ನು ಹಿಡಿದಿಟ್ಟರೆ ಸಾಕೆನ್ನುವವರದು ಮತ್ತೊಂದು. ಬಿಡಿಪದ್ಯವೊಂದನ್ನೇ ಎದುರಿಗಿಟ್ಟುಕೊಂಡು ವಾದಿಸುವಷ್ಟು ಕಾಲವೂ ಈ ವಿವಾದ ಮುಗಿಯುವಂತಿಲ್ಲ. ಹಾಯ್ಕುಗಳ ಮಾಲೆಯನ್ನು ಕಟ್ಟಲು ಹೊರಟಾಗ ಮಾತ್ರ ಎರಡು ಪಕ್ಷಗಳ ದೌರ್ಬಲ್ಯವೂ ಬಯಲಾಗುತ್ತದೆ. ಕೊಕ್ಕಡದ ಸುತ್ತಮುತ್ತಲಿನ ಮೂರು ದೃಶ್ಯಗಳನ್ನೆತ್ತಿಕೊಂಡು ಇದನ್ನು ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಲೆಕ್ಕದ ಮಾತು. ಜಪಾನೀಯರು ಎಣಿಸುವುದು ನಮ್ಮ ಅಕ್ಷರವನ್ನಲ್ಲ. ಅವರ ಎಣಿಕೆಯಲ್ಲಿ ದೀರ್ಘಸ್ವರಕ್ಕೆ ಎರಡು, ಪದದ ನಡುವಣ ಅನುನಾಸಿಕಕ್ಕೆ ಪ್ರತ್ಯೇಕವಾಗಿ ಒಂದು, ಒತ್ತಿ ನುಡಿದ ದ್ವಿತ್ವಕ್ಕೆ ಮತ್ತೊಂದು ಸಲ್ಲುತ್ತದೆ. ಆದುದರಿಂದಲೇ ನಮ್ಮ ಕಣ್ಣಿಗೆ ಎರಡಕ್ಷರವಾಗಿ ತೋರುವ ಟೋಕ್ಯೋ ಅವರ ಕಿವಿಗೆ ನಾಲ್ಕು. ಇದು ಅಕ್ಷರಗಣನೆಯಲ್ಲ, ನಮ್ಮ ಛಂದಶ್ಶಾಸ್ತ್ರವು ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಲೆಕ್ಕ ಹಾಕುವ ಮಾತ್ರಾಗಣನೆಯೇ. ಭಾಮಿನಿಯ ಮೂರು–ನಾಲ್ಕರ ನಡೆಯನ್ನೂ ವಾರ್ಧಕದ ಐದರ ನಡೆಯನ್ನೂ ಯಕ್ಷಗಾನದ ಭಾಗವತರ ಕಂಠದಿಂದ ಬಾಲ್ಯದಲ್ಲಿಯೇ ಕೇಳಿ ಬೆಳೆದ ಈ ಜಿಲ್ಲೆಯ ಓದುಗನಿಗೆ ಅದನ್ನು ಬೇರೆಯಾಗಿ ಕಲಿಸಬೇಕಾದುದಿಲ್ಲ. ಹಾಗಿದ್ದೂ ನಮ್ಮ ಹಾಯ್ಕುಕಾರರಲ್ಲಿ ಅನೇಕರು ಅಕ್ಷರವನ್ನೇ ಎಣಿಸುತ್ತಾ ಬಂದಿರುವುದು ಆಶ್ಚರ್ಯಕರವಾಗಿದೆ. ಎರಡು ಪದ್ಯಗಳನ್ನು ನೋಡಿರಿ. ಎರಡೂ ಉದಾಹರಣೆಗೆಂದೇ ರಚಿಸಿದವು.

ಗಾಢಾಂಧಕಾರ
ಮೌನದಲ್ಲಾರ್ಭಟಿಸಿ
ಮೇಘಗರ್ಜನೆ

ಅಂಗಳದಲಿ
ಒಣಗುವ ಅಡಕೆ
ಮೇಲೊಂದು ಹನಿ

ಅಕ್ಷರದ ತಕ್ಕಡಿಯಲ್ಲಿ ಎರಡೂ ಹದಿನೇಳೇ. ಮಾತ್ರೆಗಳನ್ನು ಕೂಡಿಸಿದರೆ ಮೊದಲನೆಯದು 25, ಎರಡನೆಯದು 20. ಸಂಸ್ಕೃತ ಸಮಾಸಗಳ ಗುರುಭಾರದಿಂದ ಮೊದಲನೆಯದು ಕುಗ್ಗಿಹೋಗಿದೆ. ಜಪಾನೀ ಕಿವಿ ಅದನ್ನು ಹಾಯ್ಕುವೆಂದು ಒಪ್ಪುವುದು ಕಷ್ಟ. ಹದಿನೇಳೂ ಗುರುಗಳಾದರಂತೂ ಮೊತ್ತ 34 ಮಾತ್ರೆಗಳಿಗೆ, ಎಂದರೆ ಮೂಲದ ಇಮ್ಮಡಿಗೆ, ಏರಿಬಿಡುತ್ತದೆ. ಇದೇ ಜಿಲ್ಲೆಯ ನೆಲದಿಂದ ಬಂದ ಸೇಡಿಯಾಪು ಕೃಷ್ಣಭಟ್ಟರು 1985ರ ತಮ್ಮ ‘ಛಂದೋಗತಿ’ಯಲ್ಲಿ ಪದ್ಯದ ಜೀವವನ್ನು ಗಣಗಳ ಕಾಗದದ ಲೆಕ್ಕಕ್ಕಿಂತ ಕಿವಿಗೆ ಕೇಳಿಸುವ ಗತಿಯಲ್ಲಿ ಹುಡುಕಿದವರು. ಹಾಯ್ಕುವಿನ ವಿಷಯದಲ್ಲಿಯೂ ಅವರ ದಾರಿಯೇ ನಮಗೆ ಹಿತವೆಂದು ನನ್ನ ಅಭಿಪ್ರಾಯ.

ಲೆಕ್ಕದ ವಿರೋಧಿಗಳಿಗೆ ಇದರಿಂದ ಜಯ ದೊರಕಿತೆನ್ನುವಂತಿಲ್ಲ. ಕೊಕ್ಕಡದ ಸಮೀಪದ ಸೌತಡ್ಕದಲ್ಲಿ ಗಣಪತಿಗೆ ಗುಡಿಯಿಲ್ಲ; ದೇವರು ಬಯಲಿನಲ್ಲಿದ್ದಾನೆ, ಸುತ್ತ ಹರಕೆಯ ಗಂಟೆಗಳು ತೂಗುತ್ತವೆ. ಅಲ್ಲಿ ಮಳೆ ಹೊಯ್ದು ಬಿಟ್ಟ ಹೊತ್ತಿನ ಒಂದು ನೋಟವನ್ನು ಲೆಕ್ಕವಿಲ್ಲದೆ ಬರೆದರೆ ಹೀಗಾಗುತ್ತದೆ:

ಗುಡಿಯಿಲ್ಲದ ದೇವರು
ಗಂಟೆಯ ನಾಲಿಗೆಯಿಂದ
ತೊಟ್ಟಿಕ್ಕುವ ಮಳೆ

ಇದರಲ್ಲಿ 22 ಅಕ್ಷರಗಳಿವೆ, ಕ್ಷಣವೂ ಇದೆ. ಆದರೂ ಮೊದಲ ಪಾದವು ನೋಟವನ್ನು ಕೊಡುವ ಮೊದಲೇ ವ್ಯಾಖ್ಯಾನಕ್ಕೆ ತೊಡಗಿದೆ. ಐದು–ಏಳು–ಐದರ ಕಟ್ಟಿಗೆ ತರಲೆಳಸಿದಾಗ ಏನನ್ನೋ ಬಿಡಲೇಬೇಕಾಗುತ್ತದೆ:

ಗುಡಿಯೇ ಇಲ್ಲ
ಗಂಟೆ ನಾಲಿಗೆಯಿಂದ
ಇಳಿವ ಹನಿ

ದೇವರು ಪದ್ಯದಿಂದ ಹೊರಕ್ಕೆ ಹೋದನು. ಹೋದುದರಿಂದಲೇ ಗಂಟೆ ಅವನನ್ನು ಸೂಚಿಸಲಾರಂಭಿಸಿತು. ನಮ್ಮ ಆಲಂಕಾರಿಕರು ವ್ಯಂಗ್ಯಾರ್ಥವೆಂದು ಕರೆಯತಕ್ಕುದು ಇಲ್ಲಿ ಹುಟ್ಟಿದುದು ಕವಿಯ ಪ್ರತಿಭೆಗಿಂತ ಹೆಚ್ಚಾಗಿ ಸಂಖ್ಯೆಯ ಒತ್ತಡದಿಂದ. ಆದರೆ ಅದೇ ಸಂಖ್ಯೆ ಕವಿಯನ್ನು ಕೆಡಿಸುವುದೂ ಉಂಟು. ಇದೇ ದೃಶ್ಯವನ್ನು ‘ಸೌತಡ್ಕದಲ್ಲಿ / ಗುಡಿಯಿಲ್ಲದ ದೇವ / ರ ಮೇಲೆ ಮಳೆ’ ಎಂದು ತುಂಡರಿಸಿದರೂ ಐದು, ಏಳು, ಐದು ಸರಿಯಾಗಿಯೇ ಬರುತ್ತದೆ. ಪಾದಾಂತ್ಯದಲ್ಲಿ ಪದವನ್ನೊಡೆದು ಮುಂದಿನ ಪಾದಕ್ಕೆ ಸಾಗುವುದು ನಮ್ಮ ಹಳೆಯ ಕಾವ್ಯದಲ್ಲಿ ದೋಷವಲ್ಲ. ಎರಡು ನೋಟಗಳ ನಡುವಣ ನಿಲುಗಡೆಯೇ ಪ್ರಾಣವಾಗಿರುವ ಹಾಯ್ಕುವಿನಲ್ಲಿಯಾದರೋ ಅದು ಮಾರಕ. ಸಂಖ್ಯೆಯು ಪದವನ್ನು ಕಳೆಯಿರೆಂದಾಗ ಕೇಳತಕ್ಕುದು, ಸೇರಿಸಿರೆಂದಾಗಲೂ ಒಡೆಯಿರೆಂದಾಗಲೂ ಕೇಳತಕ್ಕುದಲ್ಲ. ಬಾಶೋ ಕೂಡ ಬರಿಯ ಕೊಂಬೆಯ ಮೇಲಿನ ಕಾಗೆಯ ಪದ್ಯದಲ್ಲಿ ಏಳಿರಬೇಕಾದ ನಡುಪಾದಕ್ಕೆ ಒಂಬತ್ತನ್ನಿಟ್ಟು, ಹಾಗೆಯೇ ಬಿಟ್ಟನು.

ಇನ್ನು ಕ್ಷಣವಾದಿಗಳ ಸಿದ್ಧಾಂತ. ಹಾಯ್ಕು ಎಂಬುದು ಕಣ್ಣಾರೆ ಕಂಡ ಕ್ಷಣದ ಯಥಾವತ್ ದಾಖಲೆ ಎಂಬ ನಂಬಿಕೆಯ ಒಂದು ಬೇರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾಸಾಓಕಾ ಶಿಕಿ ಬೋಧಿಸಿದ ಯಥಾದೃಷ್ಟ ಚಿತ್ರಣದಲ್ಲಿದೆ. ಅದು ವಿಶ್ವವ್ಯಾಪಿಯಾದುದು ಬ್ಲೈತ್ ಮತ್ತು ಯಸುದಾ ಅವರು 1950ರ ಆಸುಪಾಸಿನಲ್ಲಿ ಇಂಗ್ಲಿಷಿನಲ್ಲಿ ಬರೆದ ಗ್ರಂಥಗಳಿಂದ. ಪೂರ್ವಕವಿಗಳ ಆಚರಣೆ ಇದಕ್ಕೆ ಸಾಕ್ಷ್ಯ ಹೇಳುವುದಿಲ್ಲ. ತೀರಿಹೋದ ಹೆಂಡತಿಯ ಬಾಚಣಿಗೆಯನ್ನು ಮಲಗುವ ಕೋಣೆಯಲ್ಲಿ ತುಳಿದ ಚಳಿಯನ್ನು ಬುಸೊನ್ ಬರೆದಾಗ ಅವನ ಹೆಂಡತಿ ಜೀವಂತಳಾಗಿಯೇ ಇದ್ದಳು. ಬಾಶೋ 1689ರಲ್ಲಿ ಕೈಗೊಂಡ ಉತ್ತರದ ಯಾತ್ರೆಯ ಕಥನವನ್ನು ವರ್ಷಗಳ ಕಾಲ ತಿದ್ದಿದನು. ಸಹಯಾತ್ರಿಕ ಸೋರಾನ ದಿನಚರಿ 1943ರಲ್ಲಿ ಪ್ರಕಟವಾದಾಗ ಎರಡರ ನಡುವಣ ಅಂತರವೆಲ್ಲರಿಗೂ ಗೋಚರವಾಯಿತು. ಕ್ಷಣವೆಂಬುದು ಓದುಗನಲ್ಲಿ ಹುಟ್ಟಬೇಕಾದ ಪರಿಣಾಮ. ಕವಿಯು ಆ ಹೊತ್ತಿಗೆ ಅಲ್ಲಿದ್ದನೆಂಬುದಕ್ಕೆ ಕೊಡುವ ಪ್ರಮಾಣಪತ್ರವಲ್ಲ.

ಮಾಲೆಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಹಾಯ್ಕುವಿನ ಪೂರ್ವರೂಪವಾದ ಹೊಕ್ಕು ಒಂಟಿಯಾಗಿ ಹುಟ್ಟಿದುದಲ್ಲ. ಹಲವರು ಕುಳಿತು ಕಟ್ಟುತ್ತಿದ್ದ ಸರಣಿಪದ್ಯದ ಮೊದಲ ಕೊಂಡಿ ಅದು. ಬಾಶೋನ ಬಳಗದವರಿಗೆ ಪ್ರಿಯವಾಗಿದ್ದ ಕಾಸೆನ್ ಎಂಬ ಸರಣಿಯಲ್ಲಿ 36 ಕೊಂಡಿಗಳು. ಪ್ರತಿಯೊಂದು ಕೊಂಡಿಯೂ ತನ್ನ ಹಿಂದಿನದಕ್ಕೆ ತಗುಲಿಕೊಳ್ಳಬೇಕು, ಅದರ ಹಿಂದಿನದರಿಂದ ಬಿಡಿಸಿಕೊಳ್ಳಬೇಕು. ಈ ಎರಡನೆಯ ನಿಯಮವನ್ನೇ ನಮ್ಮವರು ಮರೆತಿರುವುದು. ಅಡಕೆಯ ಅಂಗಳದಲ್ಲೊಂದು ಹನಿ, ಗಂಟೆಯಿಂದ ಇಳಿವ ಹನಿ: ಇವೆರಡು ಸೇರಿಕೊಂಡವು. ಮೂರನೆಯದರಲ್ಲಿಯೂ ಮಳೆಯನ್ನೇ ಸುರಿಸಿದರೆ ಅದು ಮಾಲೆಯಾಗದೆ ‘ಮಳೆ’ ಎಂಬ ಶೀರ್ಷಿಕೆಯ ಸಾಮಾನ್ಯ ವರ್ಣನಾಪದ್ಯವಾಗುತ್ತದೆ. ಆದುದರಿಂದ ಗಂಟೆಯನ್ನು ಉಳಿಸಿಕೊಂಡು ನೀರನ್ನು ಬಿಡಬೇಕು:

ಕತ್ತಲ ದಾರಿ
ದನದ ಕೊರಳಿನ
ಸದ್ದು ಮುಂದಕ್ಕೆ

ದೇವರ ಗಂಟೆ ದನದ ಕೊರಳಿಗೆ ಇಳಿದಿದೆ, ಹೆಸರು ಹೇಳದೆಯೇ. ಅಡಕೆಯ ಅಂಗಳ ಹಿಂದೆ ಉಳಿಯಿತು. ಮೊದಲ ಪದ್ಯದ ಹನಿಯಲ್ಲಿ ಒಂದು ಆತಂಕವಿತ್ತು: ಕೊಯ್ದ ಹಣ್ಣಡಕೆ ನಲವತ್ತು ದಿವಸಗಳಷ್ಟು ಬಿಸಿಲನ್ನು ಉಣ್ಣಬೇಕಾದ ಜಾರ್ದೆ ತಿಂಗಳಲ್ಲಿ ಅಕಾಲದ ಮೋಡವೊಂದು ಕವಿದರೆ ಮನೆಮಂದಿಯೆಲ್ಲ ಟಾರ್ಪಾಲಿಗಾಗಿ ಓಡುವುದನ್ನು ಇಲ್ಲಿಯವರು ಬಲ್ಲರು. ಆ ಆತಂಕವು ಎರಡನೆಯದರಲ್ಲಿ ಪ್ರಾರ್ಥನೆಯ ಬಣ್ಣ ತಾಳಿ, ಮೂರನೆಯದರಲ್ಲಿ ಮನೆಯ ಕಡೆಗೆ ನಡೆಯುತ್ತದೆ. ಈ ನಡಿಗೆ ಯಾವೊಂದು ಕ್ಷಣದಲ್ಲಿಯೂ ಇಲ್ಲ. ಮೂರೂ ಬೇರೆ ಬೇರೆ ದಿನಗಳ ನೋಟಗಳಾಗಿದ್ದರೂ ಕೇಡಿಲ್ಲ. ಕ್ಷಣವಾದಿಯು ಇಂತಹ ಮಾಲೆಯನ್ನು ಕಟ್ಟಲಾರನು, ಏಕೆಂದರೆ ಕಟ್ಟುವುದಕ್ಕೆ ಸ್ಮೃತಿಯೂ ಆಯ್ಕೆಯೂ ಬೇಕು. ಲೆಕ್ಕಿಗನಂತೂ ಪ್ರತಿಪದ್ಯವೂ ಹದಿನೇಳಾದೊಡನೆ ತೃಪ್ತನಾಗಿ ಕೊಂಡಿಯನ್ನು ಪರೀಕ್ಷಿಸುವುದೇ ಇಲ್ಲ.

ನಮ್ಮಲ್ಲಿ ಮತ್ತೊಂದು ತೊಡಕಿದೆ. ದಿನಕರ ದೇಸಾಯಿಯವರ ಚುಟುಕ, ಡುಂಡಿರಾಜರ ಹನಿಗವನ ಇವು ಕನ್ನಡದ ಕಿವಿಯನ್ನು ಕೊನೆಯ ಸಾಲಿನ ಚಮತ್ಕಾರಕ್ಕಾಗಿ ಕಾಯುವಂತೆ ಪಳಗಿಸಿವೆ. ಅವುಗಳ ಸೊಗಸು ಅವುಗಳದು. ಹಾಯ್ಕುಮಾಲೆಯಲ್ಲಿ ಮಾತ್ರ ಪ್ರತಿ ಮೂರನೆಯ ಪಾದಕ್ಕೂ ನಗು ಸಿಡಿದರೆ ಮುಂದಿನ ಪದ್ಯಕ್ಕೆ ತಗುಲಿಕೊಳ್ಳಲು ಎಡೆಯೇ ಉಳಿಯುವುದಿಲ್ಲ. ಬಾಗಿಲು ಒಳಗಿನಿಂದ ಮುಚ್ಚಿಹೋಗಿರುತ್ತದೆ.

ಪತ್ರಿಕೆಗಳ ಸಂಪಾದಕರಲ್ಲಿ ಒಂದು ವಿನಂತಿಯಿದೆ. ಪುಟದ ಅಡಿಯಲ್ಲಿ ಉಳಿದ ಜಾಗವನ್ನು ತುಂಬುವುದಕ್ಕೆಂದು ಹಾಯ್ಕುಮಾಲೆಯಿಂದ ಒಂದು ಪದ್ಯವನ್ನು ಕಿತ್ತು ಅಚ್ಚುಮಾಡುವ ಪದ್ಧತಿಯನ್ನು ದಯವಿಟ್ಟು ಕೈಬಿಡಿರಿ. ಜಾಗವಿದ್ದರೆ ಮಾಲೆಯನ್ನು ಪೂರ್ತಿಯಾಗಿ, ಕವಿಯಿಟ್ಟ ಕ್ರಮದಲ್ಲಿಯೇ ಅಚ್ಚು ಹಾಕಿರಿ. ಇಲ್ಲವಾದರೆ ಮುಂದಿನ ಸಂಚಿಕೆಯವರೆಗೆ ಕಾಯಿರಿ.