ಬೆಣ್ಣೆ ಚಕ್ಕುಲಿ ಪೊಟ್ಟಣಕ್ಕೆ ಲೇಬಲ್ ಬರೆಯುವಾಗ

ಮನೆಯಲ್ಲಿ ಕುರುಕಲು ತಿಂಡಿ ಮಾಡಿ ಆನ್‌ಲೈನ್‌ನಲ್ಲಿ ಮಾರುವವರಲ್ಲಿ ಬಹಳಷ್ಟು ಮಂದಿ ಎಫ್‌ಎಸ್‌ಎಸ್‌ಎಐ ಸಂಖ್ಯೆ ಕೈಗೆ ಬಂದರೆ ಕಾನೂನಿನ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆ ಸಂಖ್ಯೆ ಮಾಡಿದವರು ಯಾರೆಂದು ಮಾತ್ರ ಹೇಳುತ್ತದೆ. ಒಳಗೇನಿದೆ, ಎಷ್ಟಿದೆ, ಎಷ್ಟು ದಿನ ತಿನ್ನಬಹುದು ಎಂದು ಹೇಳಬೇಕಾದ್ದು ಲೇಬಲ್. ನಮ್ಮ ನಿಯಮಗಳ ಗಟ್ಟಿತನವೂ ಕೊರತೆಯೂ ಗೊತ್ತಾಗುವುದು ಅಲ್ಲಿಯೇ. ಅದಕ್ಕೆ 200 ಗ್ರಾಂನ ಒಂದು ಬೆಣ್ಣೆ ಚಕ್ಕುಲಿ ಪೊಟ್ಟಣವನ್ನೇ ತೆಗೆದುಕೊಳ್ಳೋಣ.

ಮೊದಲು ಕಾಗದಪತ್ರ. ವಹಿವಾಟು ಸಣ್ಣದಾದರೆ ನೋಂದಣಿ ಸಾಕು, ದೊಡ್ಡದಾದರೆ ಪರವಾನಗಿ ಬೇಕು. ಎರಡಕ್ಕೂ ಅರ್ಜಿ FoSCoS ಜಾಲತಾಣದಲ್ಲೇ. ಸಿಗುವ 14 ಅಂಕಿಯ ಸಂಖ್ಯೆ 2ರಿಂದ ಶುರುವಾದರೆ ನೋಂದಣಿ, 1ರಿಂದ ಶುರುವಾದರೆ ಪರವಾನಗಿ. ಪ್ರಮಾಣಪತ್ರ ಬಂದ ಮೇಲೆ ಅದರಲ್ಲಿ ನಿಮ್ಮನ್ನು ತಯಾರಕರು ಎಂದು ನಮೂದಿಸಿದ್ದಾರೆಯೇ ನೋಡಿ. ಏಜೆಂಟರ ಕೈಲಿ ಅರ್ಜಿ ಹಾಕಿಸಿದಾಗ ಬರೀ ಚಿಲ್ಲರೆ ಮಾರಾಟಗಾರರು ಎಂದು ನಮೂದಾಗಿದ್ದರೆ ನೀವು ಚಕ್ಕುಲಿ ಕರಿಯುವ ಕೆಲಸ ಅದರೊಳಗೆ ಬರುವುದೇ ಇಲ್ಲ.

ಹೆಚ್ಚಿನವರ ಗಮನಕ್ಕೆ ಬಾರದ್ದು ತೂಕದ ಕಾನೂನು. ಪೊಟ್ಟಣ ಕಟ್ಟಿ ಮಾರುವವರು 2011ರ ಪೊಟ್ಟಣ ಸರಕುಗಳ ನಿಯಮದಂತೆ, ಕೆಲಸ ಶುರುಮಾಡಿದ 90 ದಿನದೊಳಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಹೆಸರು, ವಿಳಾಸ ನೋಂದಾಯಿಸಬೇಕು. ಲೇಬಲ್ಲಿನಲ್ಲಿ ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಂಗೆ ಎಷ್ಟು ಬೀಳುತ್ತದೆಂಬ ದರ, ದೂರು ಹೇಳಲು ಫೋನ್ ಮತ್ತು ಇಮೇಲ್ ಇರಬೇಕು. ಪೊಟ್ಟಣದ ಬೆಲೆ 120 ರೂಪಾಯಿ ಆದರೆ ಗ್ರಾಂಗೆ 60 ಪೈಸೆ. ಬೆಂಗಳೂರಿನಿಂದ ಮುಂಬೈಗೆ ಕಳಿಸುವುದಾದರೆ ಮತ್ತೊಂದು ಲೆಕ್ಕವಿದೆ: ಹೊರರಾಜ್ಯಕ್ಕೆ ತಿಂಡಿ ಮಾರಲು ವಹಿವಾಟು ಎಷ್ಟೇ ಚಿಕ್ಕದಿರಲಿ, ಜಿಎಸ್‌ಟಿ ನೋಂದಣಿ ಬೇಕು.

ಇನ್ನು ಪದಾರ್ಥಗಳ ಪಟ್ಟಿ. ತೂಕ ಹೆಚ್ಚಿರುವುದು ಮೊದಲು, ಕಡಿಮೆಯದು ಕೊನೆಗೆ: ಅಕ್ಕಿಹಿಟ್ಟು, ಸೂರ್ಯಕಾಂತಿ ಎಣ್ಣೆ, ಉದ್ದಿನ ಹಿಟ್ಟು, ಬೆಣ್ಣೆ, ಎಳ್ಳು, ಉಪ್ಪು, ಇಂಗು. ಚಕ್ಕುಲಿ ಎಷ್ಟು ಎಣ್ಣೆ ಕುಡಿಯಿತು ಎಂಬುದನ್ನು ಅಂದಾಜಿನಲ್ಲಿ ಹೇಳಲಾಗದು. ಕರಿಯುವ ಮೊದಲು ಮತ್ತು ಕರಿದ ಮೇಲೆ ಬಾಣಲೆಯ ಎಣ್ಣೆ ತೂಗಿದರೆ ಪಟ್ಟಿಯಲ್ಲಿ ಅದರ ಜಾಗ ತಿಳಿಯುತ್ತದೆ. ಆಮೇಲೆ ಅಲರ್ಜಿಯ ಸಾಲು. ಬೆಣ್ಣೆ ಇರುವುದರಿಂದ ‘ಹಾಲು ಇದೆ’ ಎಂದು ಎಲ್ಲರೂ ಬರೆಯುತ್ತಾರೆ. ಅಕ್ಕಿಯ ತಿಂಡಿ ತಾನೇ ಎಂದು ಗೋಧಿಯನ್ನು ಬಿಟ್ಟುಬಿಡುತ್ತಾರೆ. ಆದರೆ ಅಂಗಡಿಯ ಇಂಗು ಶುದ್ಧ ಇಂಗಲ್ಲ. ಅದಕ್ಕೆ ಅಂಟು ಮತ್ತು ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಬಹಳ ಸಲ ಗೋಧಿಯದು. ಅಂಥ ಇಂಗು ಚಿಟಿಕೆಯಷ್ಟೇ ಹಾಕಿದರೂ ‘ಗೋಧಿ (ಗ್ಲುಟೆನ್) ಇದೆ’ ಎಂದು ಬರೆಯಲೇಬೇಕು. ಗೋಧಿ ಒಗ್ಗದವರು ಅಕ್ಕಿಯ ಚಕ್ಕುಲಿಯನ್ನೇ ಹುಡುಕಿ ಕೊಳ್ಳುತ್ತಾರಲ್ಲ, ಅವರ ಮಟ್ಟಿಗೆ ಈ ಒಂದು ಸಾಲು ಇಡೀ ಲೇಬಲ್ಲಿಗಿಂತ ದೊಡ್ಡದು. 2020ರ ಲೇಬಲ್ ನಿಯಮಗಳಲ್ಲಿ ನಾನು ಮನಸಾರೆ ಒಪ್ಪುವ ಭಾಗ ಇದು.

ಹೊಗಳಿಕೆಯ ಮಾತಿಗೂ ಮಿತಿ ಇದೆ. ಕೊಳ್ಳುವವರಿಗೆ ತಪ್ಪು ಕಲ್ಪನೆ ಕೊಡುವಂತೆ ‘ಮನೆಯಲ್ಲೇ ಮಾಡಿದ್ದು’ ಎಂದು ಹಾಕುವುದನ್ನು 2018ರ ಜಾಹೀರಾತು ನಿಯಮ ತಡೆಯುತ್ತದೆ. ‘ಸಕ್ಕರೆ ಕಾಯಿಲೆಗೆ ಒಳ್ಳೆಯದು’ ಎಂಬಂಥ ಮಾತಂತೂ ಕೂಡದು.

ನನ್ನ ತಕರಾರು ಇರುವುದು ದಿನಾಂಕದ ವಿಷಯದಲ್ಲಿ. ತಯಾರಾದ ದಿನ, ತಿನ್ನಬಹುದಾದ ಕೊನೆಯ ದಿನ, ಬ್ಯಾಚ್ ಸಂಖ್ಯೆ ಮೂರೂ ಕಡ್ಡಾಯ. ಆದರೆ ಆ ಕೊನೆಯ ದಿನವನ್ನು ಹೇಗೆ ನಿರ್ಧರಿಸಬೇಕೆಂದು ಮನೆಯಲ್ಲಿ ಮಾಡುವವರಿಗೆ ಯಾರೂ ಕಲಿಸುವುದಿಲ್ಲ. ಪಕ್ಕದವರ ಪೊಟ್ಟಣ ನೋಡಿ ‘ಮೂರು ತಿಂಗಳು’ ಎಂದು ಹಾಕುವವರಿದ್ದಾರೆ. ಚಕ್ಕುಲಿ ಕೆಡುವುದು ಮುಖ್ಯವಾಗಿ ಎಣ್ಣೆ ಕಮಟುವುದರಿಂದ. ಗಾಳಿ, ಬೆಳಕು, ಸೆಕೆ ಅದನ್ನು ಬೇಗ ಮಾಡಿಸುತ್ತವೆ. ಅದೇ ಎಣ್ಣೆ, ಅದೇ ಕವರು ಬಳಸಿ ಒಂದು ಬ್ಯಾಚಿನ ಹತ್ತು ಪೊಟ್ಟಣ ಎತ್ತಿಟ್ಟು, ವಾರಕ್ಕೊಂದು ಒಡೆದು ಮೂಸಿ, ತಿಂದು, ಬರೆದಿಡಬೇಕು. ಆರನೇ ವಾರ ಕಮಟು ವಾಸನೆ ಬಂದರೆ 30 ದಿನಕ್ಕಿಂತ ಹೆಚ್ಚು ಹಾಕುವುದು ತಪ್ಪು. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಕರಿದರೆ ಈ ಲೆಕ್ಕವೂ ನಿಲ್ಲದು.

ಆನ್‌ಲೈನ್ ಮಾರಾಟದಲ್ಲಿ ಈ ದಿನಾಂಕದ ಬೆಲೆ ಇನ್ನೂ ಹೆಚ್ಚು. ಗ್ರಾಹಕರ ಕೈ ಸೇರುವಾಗ ತಿಂಡಿಯ ಬಾಳಿಕೆಯಲ್ಲಿ ಶೇ. 30ರಷ್ಟು ಅಥವಾ 45 ದಿನವಾದರೂ ಉಳಿದಿರಲಿ ಎಂದು 2024ರ ನವೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಇ-ಕಾಮರ್ಸ್ ಕಂಪನಿಗಳಿಗೆ ಹೇಳಿದೆ. 30 ದಿನದ ಚಕ್ಕುಲಿಯಾದರೆ ಒಂಬತ್ತು ದಿನ ಉಳಿದಿರಬೇಕು. ಅಂದರೆ ಕರಿದ 21 ದಿನದೊಳಗೆ ಅದು ಮನೆ ತಲುಪಬೇಕು. ಸ್ಟಾಕ್ ಮಾಡಿಟ್ಟು ಮಾರುವ ಯೋಚನೆಯನ್ನು ಈ ಒಂದೇ ಲೆಕ್ಕ ಬದಲಿಸುತ್ತದೆ.

ಒಟ್ಟಿನಲ್ಲಿ ಈ ನಿಯಮಗಳು ಕೊಳ್ಳುವವರ ಪರವಾಗಿವೆ, ಅದು ಸರಿ. ಆದರೆ ಒಂದೇ ಪೊಟ್ಟಣಕ್ಕೆ ಆಹಾರ, ತೂಕ, ತೆರಿಗೆ ಎಂದು ಮೂರು ಕಡೆ ಅಲೆಸುವುದು, ಕಷ್ಟದ ಭಾಗವಾದ ಬಾಳಿಕೆಯ ಪರೀಕ್ಷೆಯನ್ನು ಕಲಿಸದೆ ದಿನಾಂಕ ಮಾತ್ರ ಕೇಳುವುದು ಸರಿಯಲ್ಲ. ಆಹಾರ ಸುರಕ್ಷತಾ ಅಧಿಕಾರಿಗಳು ತಾಲ್ಲೂಕು ಮಟ್ಟದಲ್ಲಿ ಈ ಪರೀಕ್ಷೆ ಕಲಿಸಿದರೆ, ಲೇಬಲ್ಲಿನಲ್ಲಿ ಊಹೆಯ ದಿನಾಂಕ ಕಡಿಮೆಯಾಗುತ್ತದೆ.