ಇಳಿಸಿದರು, ನಿಲ್ಲಿಸಲಿಲ್ಲ

ಆ್ಯಂಟಿಬಯೋಟಿಕ್ ಸ್ಟೂವರ್ಡ್‌ಶಿಪ್ ಎಂಬ ಹೆಸರಿನಲ್ಲಿ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಈಗ ಕಮಿಟಿಗಳಿವೆ, ಪಾಲಿಸಿ ಪುಸ್ತಕಗಳಿವೆ, ನವೆಂಬರ್ ಬಂತೆಂದರೆ ಪೋಸ್ಟರ್ ಸ್ಪರ್ಧೆಗಳೂ ಇವೆ. ಈ ಇಡೀ ಚಟುವಟಿಕೆಯಲ್ಲಿ ಅತಿ ಹೆಚ್ಚು ಹೊಗಳಿಕೆ ಪಡೆದಿರುವುದು ಡಿ-ಎಸ್ಕಲೇಷನ್. ರೋಗಿ ಬಂದ ಕೂಡಲೇ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಹೊಡೆಯುವ ದೊಡ್ಡ ಔಷಧ ಕೊಡುವುದು, ಕಲ್ಚರ್ ವರದಿ ಬಂದ ಮೇಲೆ ಅದನ್ನು ಸಣ್ಣ ಔಷಧಕ್ಕೆ ಇಳಿಸುವುದು. ಕೇಳಲು ವಿವೇಕದ ಮಾತು. ಆದರೆ ಈ ಕ್ರಮಕ್ಕೆ ಬಂದಿರುವ ಕೀರ್ತಿ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಅದರ ನೆರಳಿನಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿರುವ ಕೆಲಸ ಒಂದಿದೆ: ಔಷಧವನ್ನು ಯಾವ ದಿನ ನಿಲ್ಲಿಸಬೇಕೆಂದು ಬರೆದಿಡುವುದು.

ವಾರ್ಡುಗಳ ಕೇಸ್ ಶೀಟ್ ಓದಿದವರಿಗೆಲ್ಲ ಪರಿಚಯವಿರುವ ಒಂದು ಟಿಪ್ಪಣಿಯನ್ನು ಇಲ್ಲಿ ಮಾದರಿಯಾಗಿ ಕಟ್ಟಿಕೊಳ್ಳುತ್ತೇನೆ. ಅರವತ್ತೆರಡು ವರ್ಷದ ಹೆಂಗಸು. ಸಕ್ಕರೆ ಕಾಯಿಲೆಯಿದೆ, ಬಿ.ಪಿ.ಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ. ಸೋಮವಾರ ರಾತ್ರಿ ಚಳಿಜ್ವರ, ಬಲಪಕ್ಕೆ ನೋವು, ವಾಂತಿ. ಕ್ಯಾಶುವಾಲ್ಟಿಯಲ್ಲಿ ರಕ್ತ ಮತ್ತು ಮೂತ್ರವನ್ನು ಕಲ್ಚರ್‌ಗೆ ಕಳಿಸಿ ಸೆಫ್ಟ್ರಿಯಾಕ್ಸೋನ್ ಕೊಟ್ಟರು. ಮಂಗಳವಾರ ಬೆಳಿಗ್ಗೆ ಬಿ.ಪಿ. ಕುಸಿಯಿತು, ಮೆರೊಪೆನೆಮ್ ಶುರುವಾಯಿತು. ಗುರುವಾರದ ಹೊತ್ತಿಗೆ ಜ್ವರ ಇಳಿದಿದೆ, ಬಿ.ಪಿ. ನಿಂತಿದೆ, ಇಡ್ಲಿ ತಿಂದಿದ್ದಾರೆ. ವರದಿಯೂ ಬಂತು: ರಕ್ತದಲ್ಲೂ ಮೂತ್ರದಲ್ಲೂ ಇ. ಕೋಲೈ. ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗುವುದಿಲ್ಲ, ಅಂದರೆ ಇಎಸ್‌ಬಿಎಲ್ ಕಿಣ್ವ ತಯಾರಿಸುವ ಜಾತಿ. ಮೆರೊಪೆನೆಮ್, ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್, ಕೋಟ್ರೈಮಾಕ್ಸಜೋಲ್, ನೈಟ್ರೊಫ್ಯುರಾಂಟಾಯಿನ್ ಮುಂದೆ ‘ಎಸ್’ ಎಂದಿದೆ. ಅಂದಿನ ರೌಂಡ್ಸ್ ಟಿಪ್ಪಣಿ: ‘ಪಿಪ್ಟಾಜ್‌ಗೆ ಡಿ-ಎಸ್ಕಲೇಟ್ ಮಾಡಲಾಗಿದೆ. ಒಟ್ಟು 14 ದಿನ. ಸಿ.ಎಸ್.ಟಿ.’ ಕೊನೆಯದರ ಅರ್ಥ ಕಂಟಿನ್ಯೂ ಸೇಮ್ ಟ್ರೀಟ್‌ಮೆಂಟ್.

ಕಮಿಟಿಯ ತಪಾಸಣೆ ನಮೂನೆಯಲ್ಲಿ ಈ ಟಿಪ್ಪಣಿಗೆ ಪೂರ್ಣ ಅಂಕ ಸಿಗುತ್ತದೆ. ಕಲ್ಚರ್ ಕಳಿಸಿದ್ದಾರೆ, ವರದಿ ನೋಡಿದ್ದಾರೆ, ಕಾರ್ಬಪೆನೆಮ್ ಬಿಟ್ಟಿದ್ದಾರೆ. ನನ್ನ ಓದಿನಲ್ಲಿ ಮಾತ್ರ ಇದರ ಮೂರು ವಾಕ್ಯಗಳೂ ನಿಲ್ಲುವುದಿಲ್ಲ.

ಮೊದಲ ವಾಕ್ಯ ‘ಎಸ್’ ಅಕ್ಷರವನ್ನು ನಂಬಿ ಕೆಟ್ಟಿದೆ. ರಕ್ತಕ್ಕೆ ಹರಡಿದ, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಇ. ಕೋಲೈ ಮತ್ತು ಕ್ಲೆಬ್ಸಿಯೆಲ್ಲಾ ಸೋಂಕಿನಲ್ಲಿ ಇದೇ ಎರಡು ಔಷಧಗಳನ್ನು ಹೋಲಿಸಿದ ಮೆರಿನೊ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಲ್ಯಾಬಿನಲ್ಲಿ ಪಿಪ್ಟಾಜ್‌ಗೆ ‘ಎಸ್’ ಎಂದು ಬಂದವರನ್ನೇ ಸೇರಿಸಿಕೊಂಡಿದ್ದರೂ, 30 ದಿನಗಳೊಳಗೆ ಪಿಪ್ಟಾಜ್ ಗುಂಪಿನಲ್ಲಿ ಶೇ. 12.3 ಮಂದಿ ಸತ್ತರು, ಮೆರೊಪೆನೆಮ್ ಗುಂಪಿನಲ್ಲಿ ಶೇ. 3.7. ನೈಟ್ರೊಫ್ಯುರಾಂಟಾಯಿನ್‌ನ ‘ಎಸ್’ ಇನ್ನೊಂದು ಬಗೆಯ ಬಲೆ. ಆ ಔಷಧ ಮೂತ್ರದಲ್ಲಿ ಮಾತ್ರ ಸಾಕಷ್ಟು ಸೇರುತ್ತದೆ, ಕಿಡ್ನಿಯ ಮಾಂಸಕ್ಕಾಗಲಿ ರಕ್ತಕ್ಕಾಗಲಿ ತಲುಪುವುದಿಲ್ಲ. ನಮ್ಮಲ್ಲಿ ಆಸ್ಪತ್ರೆಗೆ ಬರುವ ಇ. ಕೋಲೈಗಳಲ್ಲಿ ಬಹುಪಾಲು ಇಎಸ್‌ಬಿಎಲ್ ಜಾತಿಯವು. ಫ್ರಾನ್ಸಿನಲ್ಲೋ ಹಾಲೆಂಡಿನಲ್ಲೋ ಮೆರೊಪೆನೆಮ್‌ನಿಂದ ಕೆಳಕ್ಕೆ ನಾಲ್ಕು ಮೆಟ್ಟಿಲು ಇರಬಹುದು. ಇಲ್ಲಿ ಅನೇಕ ಸಲ ಕೆಳಗೆ ಮೆಟ್ಟಿಲೇ ಇರುವುದಿಲ್ಲ. ಈ ರೋಗಿಗೆ ನಿಜವಾಗಿ ಇದ್ದದ್ದು ಒಂದೇ ಮೆಟ್ಟಿಲು, ಕೋಟ್ರೈಮಾಕ್ಸಜೋಲ್ ಮಾತ್ರೆ. ಅದನ್ನು ಯಾರೂ ನೋಡಲಿಲ್ಲ, ಏಕೆಂದರೆ ಅದು ಹಳೆಯದು, ಅಗ್ಗದ್ದು. ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಪೊಟ್ಯಾಸಿಯಂ ಏರುತ್ತದೆ, ಆದ್ದರಿಂದ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ನೋಡಿಯೇ ಕೊಡಬೇಕು. ಕಷ್ಟವೆಂದರೆ ಅಷ್ಟೇ.

ಎರಡನೆಯ ವಾಕ್ಯದ 14 ಎಲ್ಲಿಂದ ಬಂತು? ಎರಡು ವಾರ, ಅಷ್ಟೇ. ನಮ್ಮ ಕೋರ್ಸುಗಳೆಲ್ಲ ಏಳರ ಮಗ್ಗಿಯಲ್ಲಿ ಬರುವುದನ್ನು ಕಂಡು ಅಮೆರಿಕದ ಬ್ರಾಡ್ ಸ್ಪೆಲ್‌ಬರ್ಗ್, ಕ್ರಿ.ಶ. 321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಏಳು ದಿನದ ವಾರವನ್ನು ವಿಧಿಸಿದ್ದರ ಫಲವಿದು ಎಂದು ಚುಚ್ಚಿದ್ದುಂಟು. ರಕ್ತದ ಸೋಂಕಿಗೆ 7 ದಿನ ಸಾಕೇ 14 ಬೇಕೇ ಎಂದು ಪರೀಕ್ಷಿಸಿದ ಬ್ಯಾಲೆನ್ಸ್ ಪ್ರಯೋಗ 2024ರಲ್ಲಿ ಹೊರಬಂತು. ಏಳು ದೇಶಗಳ 74 ಆಸ್ಪತ್ರೆಗಳು, 3608 ರೋಗಿಗಳು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐ.ಸಿ.ಯು.ನಲ್ಲಿದ್ದವರು. ತೊಂಬತ್ತು ದಿನಗಳಲ್ಲಿ ಸತ್ತವರು 7 ದಿನದ ಗುಂಪಿನಲ್ಲಿ ಶೇ. 14.5, 14 ದಿನದ ಗುಂಪಿನಲ್ಲಿ ಶೇ. 16.1. ಸ್ಟ್ಯಾಫಿಲೊಕಾಕಸ್ ಆರಿಯಸ್ ಇದ್ದವರನ್ನೂ, ರೋಗನಿರೋಧಕ ಶಕ್ತಿ ತೀರಾ ಕುಂದಿದವರನ್ನೂ, ಹೃದಯದ ಕವಾಟ ಮತ್ತು ಮೂಳೆಯ ಸೋಂಕಿನಂಥ ದೀರ್ಘ ಚಿಕಿತ್ಸೆಯ ಕಾಯಿಲೆಗಳನ್ನೂ ಹೊರಗಿಟ್ಟಿದ್ದರು. ನಮ್ಮ ರೋಗಿ ಈ ಯಾವ ವರ್ಗಕ್ಕೂ ಸೇರಿದವರಲ್ಲ. ಸ್ಕ್ಯಾನಿನಲ್ಲಿ ಕಲ್ಲು, ಕೀವು, ಅಡಚಣೆ ಇಲ್ಲವೆಂದು ಖಾತ್ರಿಯಾದರೆ ಏಳು ದಿನ ಸಾಕು.

ಆ ಏಳನ್ನು ಎಣಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ಸೋಮವಾರದ ಸೆಫ್ಟ್ರಿಯಾಕ್ಸೋನ್ ಈ ಬ್ಯಾಕ್ಟೀರಿಯಾಕ್ಕೆ ಏನೂ ಮಾಡಿಲ್ಲ, ಹಾಗಾಗಿ ಆ ದಿನ ಲೆಕ್ಕಕ್ಕಿಲ್ಲ. ಮಂಗಳವಾರ ಮೊದಲ ದಿನ, ಮುಂದಿನ ಸೋಮವಾರ ಏಳನೆಯದು. ಹೊಟ್ಟೆಯೊಳಗಿನ ಕೀವಿಗೆ ಆಪರೇಷನ್ ಆಗಿದ್ದರೆ ಎಣಿಕೆ ಆಪರೇಷನ್‌ನಿಂದ ಶುರು. ಅಲ್ಲಂತೂ ಕೀವು ಪೂರ್ತಿ ತೆಗೆದ ಮೇಲೆ ನಾಲ್ಕು ದಿನ ಸಾಕೆಂದು ಸ್ಟಾಪ್-ಇಟ್ ಪ್ರಯೋಗ 2015ರಲ್ಲೇ ತೋರಿಸಿತ್ತು.

ಮೂರನೆಯದು ಆ ‘ಸಿ.ಎಸ್.ಟಿ.’. ನನ್ನ ತಕರಾರೆಲ್ಲ ಬಂದು ನಿಲ್ಲುವುದು ಇಲ್ಲಿಯೇ. ಇದನ್ನು ಬರೆದವರು ಯಾವ ನಿರ್ಧಾರವನ್ನೂ ತೆಗೆದುಕೊಂಡಿರುವುದಿಲ್ಲ. ನಿನ್ನೆಯ ನಿರ್ಧಾರಕ್ಕೆ ಇನ್ನೊಂದು ದಿನ ಬಾಳಿಕೆ ಕೊಟ್ಟಿರುತ್ತಾರೆ. ಮೆರೊಪೆನೆಮ್ ಇದ್ದಾಗ ಫಾರ್ಮಸಿಯಿಂದಲೋ ಕಮಿಟಿಯಿಂದಲೋ ಒಂದು ಫೋನಾದರೂ ಬರುತ್ತಿತ್ತು. ಔಷಧ ಇಳಿದ ಮೇಲೆ ಅದೂ ಇಲ್ಲ. ಇಳಿಸಿದ್ದೇವೆಂಬ ಸಮಾಧಾನ ನಿಲ್ಲಿಸುವ ಪ್ರಶ್ನೆಯನ್ನೇ ಮುಚ್ಚಿಬಿಡುತ್ತದೆ.

ಇದು ಬರೀ ನನ್ನ ಗುಮಾನಿಯಲ್ಲ. ತೀವ್ರ ಸೆಪ್ಸಿಸ್‌ನಲ್ಲಿ ಔಷಧ ಇಳಿಸುವುದನ್ನೂ ಮೊದಲಿನದನ್ನೇ ಮುಂದುವರಿಸುವುದನ್ನೂ ಚೀಟಿ ಎತ್ತಿ ಹೋಲಿಸಿದ ಪ್ರಯೋಗಗಳು ತೀರಾ ಕಡಿಮೆ. ಅವುಗಳಲ್ಲಿ ಮುಖ್ಯವಾದದ್ದು ಫ್ರಾನ್ಸಿನ ಮಾರ್ಕ್ ಲಿಯೋನ್ ತಂಡ 2014ರಲ್ಲಿ ಪ್ರಕಟಿಸಿದ್ದು. ಇಳಿಸಿದ ಗುಂಪಿನವರು ಆ್ಯಂಟಿಬಯೋಟಿಕ್ ಪಡೆದದ್ದು 9 ದಿನ, ಮುಂದುವರಿಸಿದವರು 7.5 ದಿನ. ಹೊಸ ಸೋಂಕು ತಗುಲಿದ್ದು ಇಳಿಸಿದವರಲ್ಲಿ ಶೇ. 27, ಮುಂದುವರಿಸಿದವರಲ್ಲಿ ಶೇ. 11. ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನೂರಿಪ್ಪತ್ತಕ್ಕೂ ಮೀರದ ಸಣ್ಣ ಪ್ರಯೋಗ, ಯಾರಿಗೆ ಏನು ಕೊಡುತ್ತಿದ್ದೇವೆಂದು ವೈದ್ಯರಿಗೆ ಗೊತ್ತಿತ್ತು. ಇದನ್ನೇ ಕೊನೆಯ ಮಾತೆನ್ನಲಾಗದು. ಆದರೂ ಔಷಧ ಉಳಿಸಲೆಂದೇ ಹುಟ್ಟಿದ ಕ್ರಮ ಔಷಧದ ದಿನಗಳನ್ನು ಹೆಚ್ಚಿಸಿತೆಂದರೆ ಅದನ್ನು ಅಡಿಟಿಪ್ಪಣಿಗೆ ತಳ್ಳುವಂತಿಲ್ಲ.

ಡಿ-ಎಸ್ಕಲೇಷನ್ ಪರ ವಾದಿಸುವವರು ಇದಕ್ಕೆ ಕೊಡುವ ಉತ್ತರ ಸಿದ್ಧವಾಗಿದೆ: ವಾರ್ಡಿನ ದಾಖಲೆಗಳನ್ನು ಹಿಂದಿರುಗಿ ನೋಡಿದ ಅಧ್ಯಯನಗಳಲ್ಲಿ ಔಷಧ ಇಳಿಸಿದವರು ಹೆಚ್ಚು ಬದುಕಿದ್ದಾರೆ. ಬದುಕದೆ ಇನ್ನೇನು? ಯಾರಿಗೆ ಇಳಿಸುತ್ತೇವೆ? ಮೂರನೆಯ ದಿನಕ್ಕೆ ಚೇತರಿಸಿಕೊಂಡವರಿಗೆ. ಕಲ್ಚರ್‌ನಲ್ಲಿ ಬಗ್ಗುವ ಬ್ಯಾಕ್ಟೀರಿಯಾ ಸಿಕ್ಕವರಿಗೆ. ಎರಡನೆಯ ದಿನವೇ ತೀರಿಕೊಂಡವರಿಗೆ ಇಳಿಸುವ ಅವಕಾಶವೇ ಬರಲಿಲ್ಲ, ಅವರು ‘ಇಳಿಸದ’ ಗುಂಪಿನ ಲೆಕ್ಕಕ್ಕೆ ಹೋದರು. ಗುಣವಾಗುತ್ತಿರುವವರನ್ನು ಆರಿಸಿಕೊಂಡು, ಗುಣವಾದದ್ದಕ್ಕೆ ಇಳಿಕೆಯೇ ಕಾರಣವೆನ್ನುವ ಈ ಲೆಕ್ಕವನ್ನು ಸಮ್ಮೇಳನದಿಂದ ಸಮ್ಮೇಳನಕ್ಕೆ ಹೊತ್ತು ತಿರುಗುವವರ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ.

ಇನ್ನೊಂದು ಜಗಳ ನಮ್ಮ ಪತ್ರಿಕೆಗಳ ಆರೋಗ್ಯ ಅಂಕಣಕಾರರೊಡನೆ. ‘ಗುಣವಾದರೂ ಕೋರ್ಸ್ ಪೂರ್ತಿ ಮಾಡಿ, ಇಲ್ಲದಿದ್ದರೆ ಬ್ಯಾಕ್ಟೀರಿಯಾಗಳು ಬಲಿಯುತ್ತವೆ’ ಎಂಬ ವಾಕ್ಯವಿಲ್ಲದೆ ಅವರ ಬರಹ ಮುಗಿಯುವುದಿಲ್ಲ. ಕ್ಷಯದ ಮಟ್ಟಿಗೆ ಇದು ಅಕ್ಷರಶಃ ನಿಜ. ಅಲ್ಲಿ ರೋಗಾಣುವೇ ರೂಪಾಂತರಗೊಂಡು ಔಷಧವನ್ನು ಗೆಲ್ಲುತ್ತದೆ. ಡಾಟ್ಸ್ ಕಾಲದಿಂದ ಮನೆಮನೆಗೂ ಮುಟ್ಟಿಸಿದ ಆ ಪಾಠವನ್ನು ಇವರು ಯೋಚಿಸದೆ ಮೂತ್ರಕ್ಕೂ ನ್ಯುಮೋನಿಯಕ್ಕೂ ಹೊಲಿದುಬಿಟ್ಟರು. ಇ. ಕೋಲೈ, ಕ್ಲೆಬ್ಸಿಯೆಲ್ಲಾಗಳ ಕಥೆ ಬೇರೆ. ಇವು ಕರುಳಿನಲ್ಲಿ ಸುಮ್ಮನೆ ವಾಸಿಸುವವು, ಔಷಧ ಕೊಟ್ಟಷ್ಟು ದಿನವೂ ಅಲ್ಲಿ ಬಗ್ಗದವೇ ಉಳಿದು ಬೆಳೆಯುತ್ತವೆ. ಎಂಟನೆಯ ದಿನದ ಔಷಧಕ್ಕೆ ಕೊಲ್ಲಲು ಕಿಡ್ನಿಯಲ್ಲಿ ಏನೂ ಉಳಿದಿಲ್ಲ, ಕರುಳಿನಲ್ಲಿ ಮಾತ್ರ ಅದರ ಕೆಲಸ ನಡೆದೇ ಇರುತ್ತದೆ. ಮಾರ್ಟಿನ್ ಲೆವೆಲಿನ್ ಮತ್ತವರ ಜೊತೆಗಾರರು ಇದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2017ರಷ್ಟು ಹಿಂದೆಯೇ ಬಿಡಿಸಿ ಹೇಳಿದ್ದಾರೆ. ಇಂಗ್ಲಿಷ್ ಜರ್ನಲ್ ಓದಲು ಬಿಡುವಿಲ್ಲವೆಂದರೆ ನಮ್ಮದೇ ಪುರಾವೆ ಇದೆ: ತೀವ್ರವಲ್ಲದ ನ್ಯುಮೋನಿಯದ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಭಾರತದ ಏಳು ಆಸ್ಪತ್ರೆಗಳಲ್ಲಿ ಅಮಾಕ್ಸಿಸಿಲಿನ್ ಕೊಟ್ಟು ನೋಡಿ, ಮೂರು ದಿನವೂ ಐದು ದಿನವೂ ಒಂದೇ ಎಂದು 2004ರಲ್ಲಿ ತೋರಿಸಲಾಗಿತ್ತು.

ಹಾಗೆಂದು ‘ಕಡಿಮೆಯೇ ಮೇಲು’ ಎಂದು ಘೋಷಣೆ ಕೂಗುವವರ ಸಾಲಿಗೂ ನಾನು ಸೇರಲಾರೆ. ಕೃತಕ ಕೀಲಿನ ಸೋಂಕಿನಲ್ಲಿ 6 ವಾರ 12 ವಾರಕ್ಕೆ ಸಮವಾಗಲಿಲ್ಲ. ಎರಡು ವರ್ಷದೊಳಗಿನ ಮಕ್ಕಳ ಕಿವಿಸೋಂಕಿಗೆ 5 ದಿನ ಸಾಲಲಿಲ್ಲ. ಇಳಿಕೆಗೂ ತನ್ನ ಜಾಗವಿದೆ. ರಕ್ತದಲ್ಲಿ ಮೆಥಿಸಿಲಿನ್‌ಗೆ ಬಗ್ಗುವ ಸ್ಟ್ಯಾಫಿಲೊಕಾಕಸ್ ಸಿಕ್ಕರೆ ವ್ಯಾಂಕೊಮೈಸಿನ್ ಬಿಟ್ಟು ಸೆಫಜೋಲಿನ್‌ಗೆ ಬರುವುದು ರೋಗಿಗೂ ಒಳ್ಳೆಯದು, ಏಕೆಂದರೆ ಆ ಬ್ಯಾಕ್ಟೀರಿಯಾದ ಮೇಲೆ ಸೆಫಜೋಲಿನ್ನೇ ಹೆಚ್ಚು ಚುರುಕು. ಇಷ್ಟನ್ನು ಒಪ್ಪಿದ ಮೇಲೂ ನಮ್ಮ ರೋಗಿಯ ವಿಷಯದಲ್ಲಿ ನನ್ನ ತೀರ್ಪು ಬದಲಾಗುವುದಿಲ್ಲ.

ಏಳನೆಯ ದಿನ ನಿಲ್ಲಿಸಬಹುದೆಂದು ತಿಳಿಯುವುದು ಹೇಗೆ? ಎರಡು ದಿನದಿಂದ ಜ್ವರವಿಲ್ಲ, ಬಿ.ಪಿ. ತಾನಾಗಿ ನಿಂತಿದೆ, ಊಟ ಸೇರುತ್ತಿದೆ. ಇಷ್ಟು ಸಾಕು. ಸಿ.ಆರ್.ಪಿ. ಪೂರ್ತಿ ಇಳಿಯಲೆಂದು ಕಾಯಬೇಕಿಲ್ಲ, ಅದು ರೋಗಿಗಿಂತ ನಿಧಾನವಾಗಿ ಸುಧಾರಿಸುತ್ತದೆ. ಕೆಡುವುದು ಸಾಮಾನ್ಯವಾಗಿ ಇನ್ನೊಂದು ಕಡೆ: ಡಿಸ್ಚಾರ್ಜ್‌ಗೆ ಮುಂಚೆ ಯಾರೋ ಮತ್ತೊಮ್ಮೆ ಮೂತ್ರದ ಕಲ್ಚರ್ ಕಳಿಸುತ್ತಾರೆ. ವಯಸ್ಸಾದ ಸಕ್ಕರೆ ಕಾಯಿಲೆಯ ಹೆಂಗಸಿನ ಮೂತ್ರದಲ್ಲಿ ಏನೂ ತೊಂದರೆ ಕೊಡದೆ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಒಂದು ಕ್ಲೆಬ್ಸಿಯೆಲ್ಲಾ ಬೆಳೆಯುತ್ತದೆ, ಮಗ ಗಾಬರಿಯಾಗುತ್ತಾನೆ, ಹೊಸ ಕೋರ್ಸ್ ಶುರುವಾಗುತ್ತದೆ. ಲಕ್ಷಣವಿಲ್ಲದಿದ್ದರೆ ಆ ಕಲ್ಚರ್ ಕಳಿಸಲೇಬಾರದು. ಬದಲಿಗೆ ಮೂರು ದಿನ ದಾಟಿದರೂ ಜ್ವರ ಬಿಡದಿದ್ದರೆ, ಆಗ ಬೇಕಾದದ್ದು ದೊಡ್ಡ ಔಷಧವಲ್ಲ, ಸಿ.ಟಿ. ಸ್ಕ್ಯಾನ್. ಎಲ್ಲೋ ಕೀವು ಕಟ್ಟಿದೆ ಅಥವಾ ಮೂತ್ರನಾಳ ಕಟ್ಟಿದೆ ಎಂದರ್ಥ.

ಇನ್ನು ಕಮಿಟಿಯ ಲೆಕ್ಕ. ಕೋಟ್ರೈಮಾಕ್ಸಜೋಲ್‌ಗೂ ‘ಆರ್’ ಬಂದಿತ್ತು, ಬೇರಾವ ಮಾತ್ರೆಯೂ ಉಳಿದಿಲ್ಲ ಎಂದುಕೊಳ್ಳಿ. ಒಬ್ಬ ವೈದ್ಯರು ಟಿಪ್ಪಣಿಯಲ್ಲಿದ್ದಂತೆ ಎರಡು ದಿನ ಮೆರೊಪೆನೆಮ್, ಹನ್ನೆರಡು ದಿನ ಪಿಪ್ಟಾಜ್ ಕೊಡುತ್ತಾರೆ: ಒಟ್ಟು ಹದಿನಾಲ್ಕು. ಇನ್ನೊಬ್ಬರು ಮೆರೊಪೆನೆಮ್ಮನ್ನೇ ಏಳು ದಿನ ಕೊಟ್ಟು, ಗುರುವಾರವೇ ‘ಸೋಮವಾರ ರಾತ್ರಿಯ ಡೋಸ್ ಕೊನೆಯದು’ ಎಂದು ಬರೆದು ಮುಗಿಸುತ್ತಾರೆ. ರೋಗಿಯ ಕರುಳು ಕಂಡ ಔಷಧದ ದಿನಗಳು ಅರ್ಧಕ್ಕಿಳಿದವು. ಆದರೆ ಬಹಳಷ್ಟು ಕಮಿಟಿಗಳ ತಿಂಗಳ ಪಟ್ಟಿಯಲ್ಲಿ ಎದ್ದು ಕಾಣುವುದು ಕಾರ್ಬಪೆನೆಮ್ ದಿನಗಳು ಮಾತ್ರ. ಅಲ್ಲಿ ಮೊದಲನೆಯವರ ಹೆಸರಿನ ಮುಂದೆ ಎರಡು, ಎರಡನೆಯವರ ಮುಂದೆ ಏಳು. ವಿವರಣೆ ಕೇಳಿ ಪತ್ರ ಹೋಗುವುದು ಎರಡನೆಯವರಿಗೆ.