ಸಾರಥಿಯ ಪ್ರಶ್ನೆಗೆ ಕತ್ತರಿ ಹಾಕಬೇಡಿ

ಲೈವ್ ವೀಡಿಯೊದಿಂದ ಚಿಕ್ಕ ತುಣುಕು ಕತ್ತರಿಸಲು ಜನ ಶಿಳ್ಳೆ ಹೊಡೆದ ಜಾಗ ಹುಡುಕುವ ಬಗ್ಗೆ ಬರೆಯಬೇಕಿತ್ತು. ಅದಕ್ಕೆಂದೇ ದೇವಸಮುದ್ರದ ಕಡೆಯ ಬಯಲಾಟವೊಂದರ ಲೈವ್ ಹಾಕಿಕೊಂಡು ಕೂತೆ. ರಾತ್ರಿ 10ಕ್ಕೆ ಶುರುವಾಗಿ ಬೆಳಗಿನ 5ಕ್ಕೆ ಮಂಗಳ, ಒಟ್ಟು 7 ಗಂಟೆ.

ಧ್ವನಿಯ ಗೆರೆ ಎತ್ತರಕ್ಕೆ ಏರಿದಲ್ಲಿ ಕತ್ತರಿಸಿ ಎನ್ನುವವರ ಮಾತು ಬಯಲಾಟಕ್ಕೆ ಸಲ್ಲುವುದಿಲ್ಲ. ಮದ್ದಳೆ, ತಾಳ ಇರುವಲ್ಲಿ ಗೆರೆ ರಾತ್ರಿಯಿಡೀ ಏರಿಯೇ ಇರುತ್ತದೆ. ಇನ್ನು ಶಿಳ್ಳೆಯಲ್ಲೂ ಎರಡು ಬಗೆ. ಯಾರೋ ಪಾತ್ರಧಾರಿಗೆ ಹಾರ ಹಾಕಿ ನೂರಾ ಒಂದು ರೂಪಾಯಿ ಕೊಟ್ಟರೆ ಅವರ ಓಣಿಯ ಹುಡುಗರು ಶಿಳ್ಳೆ ಹೊಡೆಯುತ್ತಾರೆ. ಅದಕ್ಕೆ ಮುಂಚೆ ಮದ್ದಳೆ ನಿಂತು, ಮೈಕಿನಲ್ಲಿ ಹೆಸರು ಕೂಗಿರುತ್ತಾರೆ. ಆಟಕ್ಕೆ ಬಿದ್ದ ಶಿಳ್ಳೆಗೆ ಮುಂಚೆ ಜನ ಒಂದು ಕ್ಷಣ ಉಸಿರು ಹಿಡಿದಿರುತ್ತಾರೆ. ಕಡಲೆಕಾಯಿ ಮಾರುವವನ ಕೂಗು ಕೂಡ ಕೇಳಿಸುತ್ತದೆ. ನಾನು ಹುಡುಕುವುದು ಆ ಮೌನವನ್ನು.

3 ಗಂಟೆ 12ನೇ ನಿಮಿಷದಲ್ಲಿ ಅಂಥದ್ದೊಂದು ಸಿಕ್ಕಿತು. ದ್ರೌಪದಿಯ ಸೀರೆಗೆ ಕೈ ಹಾಕಿದ ದುಶ್ಯಾಸನನೆದುರು ಭೀಮ ಗದೆ ಊರಿ ನಿಂತಿದ್ದ. ಶಿಳ್ಳೆ ಬಿದ್ದಲ್ಲಿಂದ 50 ಸೆಕೆಂಡು ಹಿಂದೆ ಹೋದೆ. ಭಾಗವತರು ಪದ ಎತ್ತಿದ್ದು ಅಲ್ಲಿ, ತುಣುಕಿನ ತಲೆಯೂ ಅಲ್ಲೇ. ಚಾಟ್ ನೋಡಿ ಕತ್ತರಿಸಿದ್ದರೆ ಪದವೇ ಹೋಗುತ್ತಿತ್ತು, ಏಕೆಂದರೆ ಲೈವ್ ತಡವಾಗಿ ತಲುಪುವುದರಿಂದ ಅಲ್ಲಿಯ ಚಪ್ಪಾಳೆಯೂ ತಡವೇ.

ಆದರೆ ಶಿಳ್ಳೆಗಿಂತ ದೊಡ್ಡ ವಿಷಯ ಇಲ್ಲಿ ಎದುರಾಯಿತು. ಮೊದಲ ಸೆಕೆಂಡಿಗೇ ಗದೆ ತೋರಿಸಿ, ಇಲ್ಲದಿದ್ದರೆ ಜನ ಬೆರಳಾಡಿಸಿ ಮುಂದೆ ಹೋಗುತ್ತಾರೆ ಎನ್ನುವ ಪಂಥದವರ ಜತೆ ನನಗೆ ಹಳೆಯ ಜಗಳವಿದೆ. ಆಟ ನೋಡದವನಿಗೆ ಆ ಗದೆ ಯಾರದು, ಸಿಟ್ಟು ಯಾರ ಮೇಲೆ? ಬಯಲಾಟ ಈ ತೊಡಕನ್ನು ಎಂದೋ ಬಿಡಿಸಿದೆ. ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ನೀವು ಯಾರು, ಬಂದ ಕಾರಣವೇನು ಎಂದು ಕೇಳುತ್ತಾನೆ, ಪಾತ್ರ ತನ್ನ ಬಾಯಿಂದಲೇ ಹೇಳಿಕೊಳ್ಳುತ್ತದೆ. ಅದನ್ನೇ 6 ಸೆಕೆಂಡು ಎತ್ತಿ ಮುಂದೆ ಜೋಡಿಸಿದರೆ ಪೀಠಿಕೆ ಸಿದ್ಧ. ಜಾಗವಿಲ್ಲ ಎನ್ನುವಂತಿಲ್ಲ, 2024ರ ಅಕ್ಟೋಬರ್‌ನಿಂದ ಯೂಟ್ಯೂಬ್ ಶಾರ್ಟ್ಸ್ 3 ನಿಮಿಷದವರೆಗೂ ಇರಬಹುದು.

ನಾನೂ ಹಾಗೇ ಜೋಡಿಸಿ ಒಂದು ತಪ್ಪು ಮಾಡಿದೆ. ನಮ್ಮ ಹಳ್ಳಿಯ ಆಟಗಳಲ್ಲಿ ಒಂದೇ ಪಾತ್ರವನ್ನು ಇಬ್ಬರು ಹಂಚಿಕೊಳ್ಳುವುದುಂಟು. ಸಾರಥಿಗೆ ಉತ್ತರ ಕೊಟ್ಟ ಭೀಮ ದಪ್ಪ ಮೀಸೆಯ ಹಿರಿಯ, ನಡುರಾತ್ರಿ ಗದೆ ಊರಿದವನು ಇಪ್ಪತ್ತರ ಹುಡುಗ. ಹುಡುಗನ ತಾಯಿ ಫೋನ್ ಮಾಡಿ, "ಅಣ್ಣಾ, ಆಟ ನನ್ನ ಮಗಂದು, ಮೊದ್ಲು ಮುಖ ಬೇರೆಯವರ್ದು ಹಾಕೀರಲ್ಲ" ಅಂದರು. ತುಣುಕನ್ನು ತೆಗೆದೆ. ಈಗ ಇಬ್ಬರ ಮುಖವನ್ನೂ ನಿಲ್ಲಿಸಿ ಹೋಲಿಸಿದ ಮೇಲೆಯೇ ಜೋಡಿಸುತ್ತೇನೆ. ಬೇರೆಯಾದರೆ ಕಪ್ಪು ತೆರೆಯ ಮೇಲೆ 4 ಸೆಕೆಂಡು ಎರಡು ಸಾಲು: "ತುಂಬಿದ ಸಭೆ. ದ್ರೌಪದಿಯ ಸೀರೆಗೆ ದುಶ್ಯಾಸನ ಕೈ ಹಾಕಿದ್ದಾನೆ." ಕೆಳಗೆ ಮೆಲ್ಲಗೆ ಅದೇ ರಾತ್ರಿಯ ಮದ್ದಳೆ. ಆಮೇಲೆ ಭಾಗವತರ ಪದ, ಆ ಹುಡುಗನ ಮುಖ.